ಜೂನ್‌ನ ಬಿಲ್, ಹನ್ನೆರಡು ತಿಂಗಳ ಆದಾಯ: ಒಂದು ಸಣ್ಣ ಸಾಫ್ಟ್‌ವೇರ್ ಕಂಪನಿಯ ಪ್ರಕರಣ

ಮಧ್ಯ ಕರ್ನಾಟಕದ ಒಂದು ಜಿಲ್ಲಾ ಕೇಂದ್ರದಲ್ಲಿರುವ ಪ್ರೈವೇಟ್ ಲಿಮಿಟೆಡ್ ಕಂಪನಿ ಇದು. ಖಾಸಗಿ ಶಾಲೆಗಳಿಗೆ ಫೀ, ಹಾಜರಿ, ಅಂಕಪಟ್ಟಿ ನೋಡಿಕೊಳ್ಳುವ ಸಾಫ್ಟ್‌ವೇರ್ ಕೊಡುತ್ತದೆ. ಊರು, ಹೆಸರು ಹೇಳುವುದಿಲ್ಲ. ಮೊತ್ತಗಳನ್ನು ಲೆಕ್ಕ ಹಿಡಿಯಲು ಸುಲಭವಾಗಲೆಂದು ದುಂಡು ಮಾಡಿದ್ದೇನೆ. ಆದರೆ ನಡೆದದ್ದು ನಡೆದ ಹಾಗೆಯೇ ಇದೆ. 2023ರ ಅಕ್ಟೋಬರ್‌ನಿಂದ ಈ ಕಂಪನಿಯ ಲೆಕ್ಕ ನಾನು ನೋಡುತ್ತಿದ್ದೇನೆ.

ಮೊದಲ ಬಿಲ್‌ಗಳು ಹೋದದ್ದು 2022ರ ಜೂನ್‌ನಲ್ಲಿ. 40 ಶಾಲೆಗಳು, ಒಂದೊಂದಕ್ಕೆ ವರ್ಷಕ್ಕೆ 1,20,000 ರೂಪಾಯಿ, ಮೇಲೆ ಶೇ. 18 ಜಿಎಸ್‌ಟಿ. ಶಾಲೆ ಶುರುವಾಗುವ ಹೊತ್ತಿಗೆ ಇಡೀ ವರ್ಷದ ಬಿಲ್ ಕೊಟ್ಟು, ಹಣವನ್ನೂ ಆಗಲೇ ಪಡೆಯುವುದು ಇವರ ಪದ್ಧತಿ. 2023ರ ಜೂನ್‌ಗೆ ಶಾಲೆಗಳು 50 ಆದವು. ಆಗಸ್ಟ್ 1ರಿಂದ ಹತ್ತು ಪಿಯು ಕಾಲೇಜುಗಳೂ ಸೇರಿದವು. ಒಟ್ಟು ಬಿಲ್ 72 ಲಕ್ಷ. ತಿಂಗಳ ಖರ್ಚು ಸರಾಸರಿ 5 ಲಕ್ಷ: ಸಂಬಳ, ಸರ್ವರ್ ಬಾಡಿಗೆ, ಓಡಾಟ.

ಬಿಲ್ ಮಾಡಿದ ದಿನವೇ ಪೂರ್ತಿ ಮೊತ್ತವನ್ನು ಮಾರಾಟದ ಖಾತೆಗೆ ಕ್ರೆಡಿಟ್ ಮಾಡುತ್ತಿದ್ದರು. ಹಾಗಾಗಿ 2023ರ ಜೂನ್‌ನ ಲಾಭ ನಷ್ಟದ ಪಟ್ಟಿಯಲ್ಲಿ ಆದಾಯ 60 ಲಕ್ಷ, ಖರ್ಚು 5 ಲಕ್ಷ, ಲಾಭ 55 ಲಕ್ಷ. ಜುಲೈನಲ್ಲಿ ಆದಾಯ ಸೊನ್ನೆ, ನಷ್ಟ 5 ಲಕ್ಷ. ಆಗಸ್ಟ್‌ನಲ್ಲಿ 12 ಲಕ್ಷ ಆದಾಯ, 7 ಲಕ್ಷ ಲಾಭ. ಆಮೇಲೆ ಮತ್ತೆ ಪ್ರತಿ ತಿಂಗಳೂ 5 ಲಕ್ಷ ನಷ್ಟ. ಮಾಲೀಕರು ಜೂನ್‌ನ ಪಟ್ಟಿ ನೋಡಿ ಕಂಪನಿ ಹೆಸರಲ್ಲಿ ಕಾರು ತೆಗೆದುಕೊಂಡರು, 9 ಲಕ್ಷ ಕೈಯಿಂದ ಕಟ್ಟಿ. ಅಕ್ಟೋಬರ್‌ನಲ್ಲಿ ನಾನು ಹೋದಾಗ ತಲಾ 30,000 ಸಂಬಳಕ್ಕೆ ಇನ್ನಿಬ್ಬರು ಹುಡುಗರನ್ನು ತೆಗೆದುಕೊಳ್ಳುವ ಮಾತು ನಡೆಯುತ್ತಿತ್ತು.

ಆ ಪಟ್ಟಿಯಲ್ಲಿ ಒಂದೇ ಒಂದು ಸಂಖ್ಯೆಯೂ ಸುಳ್ಳಲ್ಲ. ಬಿಲ್ ಇದೆ, ಹಣ ಬಂದಿದೆ, ಜಿಎಸ್‌ಟಿ ಕಟ್ಟಿದೆ. ಆದರೆ ಕಂಪನಿ ತಿಂಗಳಿಗೆ ಎಷ್ಟು ದುಡಿಯುತ್ತಿದೆ ಎಂಬ ಪ್ರಶ್ನೆಗೆ ಮಾತ್ರ ಅದರಲ್ಲಿ ಉತ್ತರವಿರಲಿಲ್ಲ.

ಹಣ ವಾಪಸ್ ಕೇಳಿದ ಶಾಲೆ

ಸಮಸ್ಯೆ ಹೊರಗೆ ಬಂದದ್ದು ಒಂದು ಶಾಲೆಯಿಂದ. ಜೂನ್ 1ರಿಂದ ಸಾಫ್ಟ್‌ವೇರ್ ಬಳಸುತ್ತಿದ್ದ ಆ ಶಾಲೆ ಇನ್ನೊಂದು ಸಂಸ್ಥೆಯ ಜತೆ ವಿಲೀನವಾಯಿತು. ಸೆಪ್ಟೆಂಬರ್ 30ಕ್ಕೆ ಬಳಕೆ ನಿಲ್ಲಿಸುತ್ತೇವೆ, ಉಳಿದ ಎಂಟು ತಿಂಗಳ ಹಣ ಕೊಡಿ ಎಂದು ಪತ್ರ ಬರೆಯಿತು. ಒಪ್ಪಂದದಲ್ಲಿ ಬಳಸದ ತಿಂಗಳುಗಳ ಹಣ ಹಿಂದಿರುಗಿಸಬೇಕೆಂದು ಇತ್ತು. (ಮೇಲಿನ 50 ಶಾಲೆಗಳಲ್ಲಿ ಇದನ್ನು ಸೇರಿಸಿಲ್ಲ. ನಾಲ್ಕು ತಿಂಗಳಲ್ಲಿ ಅದರಿಂದ ಬಂದ 40,000 ರೂಪಾಯಿಯನ್ನೂ ಮುಂದಿನ ಲೆಕ್ಕಗಳಿಂದ ಹೊರಗಿಟ್ಟಿದ್ದೇನೆ.)

ಲೆಕ್ಕ ಬರೆಯುವ ಹುಡುಗಿ 80,000 ರೂಪಾಯಿಯನ್ನು "ಮರುಪಾವತಿ ಖರ್ಚು" ಎಂದು ಅಕ್ಟೋಬರ್‌ನ ಖರ್ಚಿಗೆ ಹಾಕಿದ್ದಳು. ಬೇರೆಲ್ಲಿ ಹಾಕಲಿ ಎಂದು ಅವಳು ಕೇಳಿದ್ದು ನ್ಯಾಯವೇ. ಇಡೀ 1,20,000 ಜೂನ್‌ನಲ್ಲೇ ಆದಾಯವಾಗಿ ಹೋಗಿದ್ದ ಪುಸ್ತಕದಲ್ಲಿ ಈ 80,000ಕ್ಕೆ ಖರ್ಚಲ್ಲದೆ ಬೇರೆ ಜಾಗವೇ ಇರಲಿಲ್ಲ. ನಾನು ಅಲ್ಲೇ ನಿಂತೆ. ದುಡಿಯದೇ ಇದ್ದ ಹಣವನ್ನು ಹಿಂದಿರುಗಿಸಿದರೆ ಅದು ಖರ್ಚು ಹೇಗಾಗುತ್ತದೆ?

ಮಾಲೀಕರ ಜತೆ ಆ ಸಂಜೆ ಆದ ಮಾತು ಇನ್ನೂ ನೆನಪಿದೆ.

"ಮೇಡಂ, ಬಿಲ್ ಕೊಟ್ಟಿದೀವಿ, ದುಡ್ಡು ಬಂದಿದೆ, ಟ್ಯಾಕ್ಸೂ ಕಟ್ಟಿದೀವಿ. ಇನ್ನೂ ನಮ್ದಲ್ಲ ಅಂದ್ರೆ ಹೇಗೆ?"

"ಸರ್, ನಿಮ್ಮ ಶಾಲೆಯವರನ್ನೇ ನೋಡಿ. ಫೀ ಜೂನ್‌ನಲ್ಲೇ ತಗೋತಾರೆ. ಪಾಠ ಆಗಲೇ ಮುಗೀತಾ?"

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಗಾದ್ರೆ ಈಗ ನಮ್ದು ಅಂತ ಎಷ್ಟಿದೆ, ಅದನ್ನ ಹೇಳಿ" ಎಂದರು.

ಎಎಸ್ 9 ಎಂಬ ಲೆಕ್ಕಪತ್ರ ಮಾನದಂಡ ಹೇಳುವುದೂ ಇದನ್ನೇ. ಸೇವೆಯ ಆದಾಯವನ್ನು ಸೇವೆ ಎಷ್ಟು ಸಲ್ಲಿಕೆಯಾಯಿತೋ ಅಷ್ಟಕ್ಕೆ ತೋರಿಸಬೇಕು. ಪಾಠದ ಫೀಯನ್ನು ಪಾಠ ನಡೆಯುವ ಅವಧಿಗೆ ಹಂಚಬೇಕೆಂಬ ಉದಾಹರಣೆಯೂ ಅದರಲ್ಲಿದೆ. ವರ್ಷವಿಡೀ ಒಂದೇ ಸಮನೆ ನಡೆಯುವ ಸಾಫ್ಟ್‌ವೇರ್ ಸೇವೆಗೆ ತಿಂಗಳಿಗೆ ಹನ್ನೆರಡನೇ ಒಂದು ಭಾಗ. ಅಂದರೆ ಒಂದು ಶಾಲೆಯಿಂದ ತಿಂಗಳಿಗೆ 10,000.

ಎಂಟ್ರಿಗಳು

ಒಂದು ಶಾಲೆಯ ಬಿಲ್ಲನ್ನು ಹಿಡಿದು ಹೋಗೋಣ. 2023ರ ಜೂನ್ 1ರಂದು ಬಿಲ್:

ಶಾಲೆಯ ಖಾತೆ, ಡೆಬಿಟ್ 1,41,600
ಸಾಫ್ಟ್‌ವೇರ್ ಚಂದಾ ಆದಾಯ, ಕ್ರೆಡಿಟ್ 1,20,000
ಸಿಜಿಎಸ್‌ಟಿ, ಕ್ರೆಡಿಟ್ 10,800
ಎಸ್‌ಜಿಎಸ್‌ಟಿ, ಕ್ರೆಡಿಟ್ 10,800

ಅದೇ ದಿನ ಒಂದು ಜರ್ನಲ್, ಅಂದರೆ ಹೊಂದಾಣಿಕೆಯ ಎಂಟ್ರಿ:

ಸಾಫ್ಟ್‌ವೇರ್ ಚಂದಾ ಆದಾಯ, ಡೆಬಿಟ್ 1,20,000
ಮುಂಗಡವಾಗಿ ಬಂದ ಆದಾಯ, ಕ್ರೆಡಿಟ್ 1,20,000

ಜೂನ್ 30ಕ್ಕೆ, ಆಮೇಲೆ ಪ್ರತಿ ತಿಂಗಳ ಕೊನೆಗೆ:

ಮುಂಗಡವಾಗಿ ಬಂದ ಆದಾಯ, ಡೆಬಿಟ್ 10,000
ಸಾಫ್ಟ್‌ವೇರ್ ಚಂದಾ ಆದಾಯ, ಕ್ರೆಡಿಟ್ 10,000

"ಮುಂಗಡವಾಗಿ ಬಂದ ಆದಾಯ" ಎಂಬ ಹೆಸರಲ್ಲಿ ಆದಾಯ ಎಂದಿದ್ದರೂ ಅದು ಹೊಣೆಯ ಖಾತೆ, ಅಂದರೆ ಶಾಲೆಗೆ ಇನ್ನೂ ಮಾಡಿಕೊಡಬೇಕಾದ ಕೆಲಸದ ಬಾಕಿ. ಅದನ್ನು ಚಾಲ್ತಿ ಹೊಣೆಗಳ ಗುಂಪಿನಲ್ಲೇ ತೆರೆಯಬೇಕು. ಹೆಸರು ನೋಡಿ ಪರೋಕ್ಷ ಆದಾಯದ ಗುಂಪಿನಲ್ಲಿ ತೆರೆದರೆ ಮಾಡಿದ ಜರ್ನಲ್ ಎಲ್ಲ ವ್ಯರ್ಥ. ಒಂದು ಆದಾಯದಿಂದ ಇನ್ನೊಂದು ಆದಾಯಕ್ಕೆ ಹೋಗುತ್ತದಷ್ಟೆ, ಲಾಭ ಇದ್ದಲ್ಲೇ ಇರುತ್ತದೆ. ಮೊದಲ ದಿನ ನಮ್ಮಲ್ಲೂ ಇದೇ ಆಯಿತು. ಜರ್ನಲ್ ಹಾಕಿದ ಮೇಲೂ ಜೂನ್‌ನ ಲಾಭ 55 ಲಕ್ಷದಿಂದ ಕದಲದೆ ಇದ್ದಾಗ ಗೊತ್ತಾಯಿತು.

ಬಿಲ್ಲನ್ನು ನೇರವಾಗಿ ಹೊಣೆಯ ಖಾತೆಗೇ ಕ್ರೆಡಿಟ್ ಮಾಡಿದರೆ ಒಂದು ಜರ್ನಲ್ ಉಳಿಯುತ್ತಿತ್ತಲ್ಲ ಎಂದು ಕೇಳಬಹುದು. ತಪ್ಪೇನಿಲ್ಲ. ನಾನು ಹಾಗೆ ಮಾಡದಿದ್ದದ್ದು ಜಿಎಸ್‌ಟಿ ಕಾರಣಕ್ಕೆ. ಜೂನ್ ಮತ್ತು ಆಗಸ್ಟ್‌ನ ಜಿಎಸ್‌ಟಿಆರ್-1 ಆಗಲೇ ಸಲ್ಲಿಕೆಯಾಗಿತ್ತು. ಬಿಲ್ ವೋಚರ್ ತೆರೆದು ಖಾತೆ ಬದಲಿಸಿದರೆ ಸಲ್ಲಿಸಿದ ರಿಟರ್ನ್‌ಗೂ ಪುಸ್ತಕಕ್ಕೂ ಹೊಂದಿಕೆ ತಪ್ಪುವ ಅಪಾಯವಿತ್ತು. ಹಾಗಾಗಿ ಬಿಲ್‌ಗಳನ್ನು ಮುಟ್ಟದೆ ಜರ್ನಲ್‌ಗಳನ್ನು ಮಾತ್ರ ಹಾಕಿದೆವು. ಆಯಾ ತಿಂಗಳ ದಿನಾಂಕವನ್ನೇ ಕೊಟ್ಟೆವು, ಯಾಕೆಂದರೆ ಆ ವರ್ಷದ ತಿಂಗಳ ಲೆಕ್ಕಗಳು ಇನ್ನೂ ಹೊರಗಿನ ಯಾರ ಕೈಗೂ ಹೋಗಿರಲಿಲ್ಲ. 2023ರ ಏಪ್ರಿಲ್ 1ರಿಂದ ಕಂಪನಿಗಳ ಲೆಕ್ಕದ ಸಾಫ್ಟ್‌ವೇರ್‌ನಲ್ಲಿ ಬದಲಾವಣೆಗಳ ದಾಖಲೆ ಕಡ್ಡಾಯವಾಗಿದೆ. ನವೆಂಬರ್‌ನಲ್ಲಿ ಕೂತು ಜೂನ್ ದಿನಾಂಕದ ಜರ್ನಲ್ ಹಾಕಿದ್ದು ಅದರಲ್ಲಿ ಕಾಣುತ್ತದೆ. ಕಾಣಲಿ, ಮುಚ್ಚಿಡುವುದೇನೂ ಇಲ್ಲ. ಪ್ರತಿ ಜರ್ನಲ್‌ನ ವಿವರಣೆಯಲ್ಲಿ ಯಾಕೆ, ಯಾವತ್ತು ಹಾಕಿದ್ದು ಎಂದು ಬರೆದೆವು.

ಜಿಎಸ್‌ಟಿಯನ್ನು ಹಂಚುವ ಪ್ರಶ್ನೆಯೇ ಇಲ್ಲ. ಅದು ಸರ್ಕಾರದ ಹಣ. ಬಿಲ್ ಅಥವಾ ಹಣ, ಯಾವುದು ಮೊದಲೋ ಆಗಲೇ ಇಡೀ ವರ್ಷದ ಬಿಲ್ ಮೇಲಿನ ತೆರಿಗೆ ಬಾಕಿಯಾಗುತ್ತದೆ. 60 ಲಕ್ಷದ ಮೇಲಿನ 10.8 ಲಕ್ಷ ಜುಲೈ 20ರೊಳಗೆ ಜಿಎಸ್‌ಟಿಆರ್-3ಬಿ ಜತೆ ಹೋಗಲೇಬೇಕಿತ್ತು. ಹುಡುಗಿ ಮೊದಲು ಮಾಡಿದ ಪಟ್ಟಿಯಲ್ಲಿ 1,41,600 ಅನ್ನೇ ಹನ್ನೆರಡರಿಂದ ಭಾಗಿಸಿ ತಿಂಗಳಿಗೆ 11,800 ಎಂದು ಬರೆದಿದ್ದಳು. ಈ ತಪ್ಪು ನಾನು ಬೇರೆ ಕಡೆಯೂ ನೋಡಿದ್ದೇನೆ. ತಿಂಗಳ ಮೊತ್ತವನ್ನು 12ರಿಂದ ಗುಣಿಸಿ, ಬಿಲ್ಲಿನಲ್ಲಿ ತೆರಿಗೆಗೆ ಮೊದಲಿನ ಮೊತ್ತಕ್ಕೆ ಹೋಲಿಸಿದರೆ ಕೂಡಲೇ ಸಿಕ್ಕಿಬೀಳುತ್ತದೆ.

ಮೂರನೇ ಪ್ರಯತ್ನಕ್ಕೆ ಹಾದಿಗೆ ಬಂತು

ಮೊದಲು ಮಾಲೀಕರು ಕೇಳಿದ್ದು ವರ್ಷದ ಕೊನೆಗೆ ಒಂದೇ ಜರ್ನಲ್. ಮಾರ್ಚ್ 31ಕ್ಕೆ ಉಳಿದ ತಿಂಗಳುಗಳ ಮೊತ್ತ ಲೆಕ್ಕ ಹಾಕಿ ಹೊಣೆಗೆ ತಳ್ಳಿದರೆ ವಾರ್ಷಿಕ ಲೆಕ್ಕ ಸರಿಹೋಗುತ್ತದೆ, ಆಡಿಟರ್ ಒಪ್ಪುತ್ತಾರೆ. ಅದು ನಿಜ. ಆದರೆ ಅವರಿಗೆ ಬೇಕಿದ್ದ ಉತ್ತರ ಮಾರ್ಚ್‌ನದ್ದಲ್ಲ, ಈ ತಿಂಗಳು ಹುಡುಗರನ್ನು ತೆಗೆದುಕೊಳ್ಳಬಹುದೇ ಎಂಬುದು. ಆ ದಾರಿ ಬಿಟ್ಟೆವು.

ಎರಡನೆಯದು, ಎಲ್ಲ ಶಾಲೆಗಳಿಗೂ ಸೇರಿ ತಿಂಗಳಿಗೆ ಒಂದೇ ಮೊತ್ತದ ಜರ್ನಲ್, ಪ್ರತಿ ತಿಂಗಳೂ ಹಾಗೇ ನಕಲು. ಒಂದು ವಾರ ಇದನ್ನೇ ನೆಚ್ಚಿಕೊಂಡಿದ್ದೆ. ಆದರೆ ಖಾತೆಯಲ್ಲಿ ಉಳಿದ ಬಾಕಿ ಯಾವ ಶಾಲೆಯದ್ದು, ಎಷ್ಟು ತಿಂಗಳದ್ದು ಎಂದು ಕೇಳಿದರೆ ತೋರಿಸಲು ಏನೂ ಇರಲಿಲ್ಲ. ಒಂದು ಶಾಲೆ ಬಿಟ್ಟುಹೋದರೂ ಜರ್ನಲ್ ತನ್ನ ಪಾಡಿಗೆ ಓಡುತ್ತಲೇ ಇರುತ್ತದೆ.

ಕೊನೆಗೆ ಒಂದು ಶೀಟ್ ಮಾಡಿದೆವು. ಒಂದು ಬಿಲ್ಲಿಗೆ ಒಂದು ಸಾಲು. ಎ ಕಾಲಂನಲ್ಲಿ ಶಾಲೆ, ಬಿ ಯಲ್ಲಿ ಸೇವೆ ಶುರುವಾಗುವ ದಿನ, ಸಿ ಯಲ್ಲಿ ಮುಗಿಯುವ ದಿನ, ಡಿ ಯಲ್ಲಿ ತೆರಿಗೆಗೆ ಮೊದಲಿನ ಮೊತ್ತ. ಇ ಯಿಂದ ಮುಂದಕ್ಕೆ ಒಂದೊಂದು ತಿಂಗಳು, ಮೇಲಿನ ಸಾಲಿನಲ್ಲಿ ಆ ತಿಂಗಳ ಒಂದನೇ ತಾರೀಖು.

```
=IF(AND(E$1>=$B2,E$1<=$C2),$D2/12,0)
```

ಕಾಲಂನ ಮೊತ್ತ ಆ ತಿಂಗಳ ಜರ್ನಲ್. ಇನ್ನೂ ಬರದ ತಿಂಗಳುಗಳ ಕಾಲಂಗಳನ್ನೆಲ್ಲ ಕೂಡಿದರೆ ಬರುವ ಮೊತ್ತ, ಹೊಣೆಯ ಖಾತೆಯಲ್ಲಿ ಉಳಿದ ಬಾಕಿಗೆ ರೂಪಾಯಿ ಬಿಡದೆ ಸಮ ಇರಬೇಕು. ಈ ಒಂದು ತಾಳೆಯೇ ಇಡೀ ವ್ಯವಸ್ಥೆಯ ಜೀವ.

ಈ ಸೂತ್ರ ಸೇವೆ ಒಂದನೇ ತಾರೀಖಿಗೆ ಶುರುವಾದರೆ ಮಾತ್ರ ಸರಿ. ತಿಂಗಳ ನಡುವೆ ಶುರುವಾಗುವ ಬಿಲ್ ಬಂದರೆ ದಿನಗಳ ಲೆಕ್ಕಕ್ಕೆ ಹೋಗಬೇಕು, ಇಲ್ಲವೇ ಹದಿನೈದರೊಳಗೆ ಶುರುವಾದರೆ ಆ ತಿಂಗಳು ಪೂರ್ತಿ, ಆಮೇಲಾದರೆ ಮುಂದಿನ ತಿಂಗಳಿಂದ ಎಂಬಂಥ ಒಂದು ನಿಯಮ ಹಿಡಿಯಬೇಕು. ನಾವು ಎರಡನೆಯದನ್ನು ಬರೆದಿಟ್ಟುಕೊಂಡು ಎಲ್ಲರಿಗೂ ಒಂದೇ ರೀತಿ ಅನ್ವಯಿಸುತ್ತೇವೆ.

ನವೆಂಬರ್ ಕೊನೆಯಲ್ಲಿ ಮೊದಲ ಸಲ ತಾಳೆ ನೋಡಿದಾಗ ಖಾತೆಯ ಬಾಕಿ ಶೀಟ್‌ಗಿಂತ ಸರಿಯಾಗಿ 80,000 ಕಡಿಮೆ. ಆ ಸಂಖ್ಯೆ ನೋಡಿದ ಕೂಡಲೇ ಹುಡುಗಿಯೇ ಹೇಳಿದಳು, "ಮೇಡಂ, ಇದು ಆ ವಿಲೀನ ಆದ ಸ್ಕೂಲು". ಅವರಿಗೆ ಕೊಟ್ಟ ಕ್ರೆಡಿಟ್ ನೋಟನ್ನು ಅಷ್ಟರಲ್ಲಿ ಸರಿಪಡಿಸಿದ್ದೆವು:

ಮುಂಗಡವಾಗಿ ಬಂದ ಆದಾಯ, ಡೆಬಿಟ್ 80,000
ಸಿಜಿಎಸ್‌ಟಿ, ಡೆಬಿಟ್ 7,200
ಎಸ್‌ಜಿಎಸ್‌ಟಿ, ಡೆಬಿಟ್ 7,200
ಶಾಲೆಯ ಖಾತೆ, ಕ್ರೆಡಿಟ್ 94,400

ಖಾತೆಯಿಂದ 80,000 ಹೋಗಿತ್ತು, ಆದರೆ ಶೀಟ್‌ನಲ್ಲಿ ಆ ಶಾಲೆಯ ಮುಗಿಯುವ ದಿನ ಇನ್ನೂ 2024ರ ಮೇ 31 ಎಂದೇ ಇತ್ತು. ಅಕ್ಟೋಬರ್, ನವೆಂಬರ್‌ನಲ್ಲಿ ಇಲ್ಲದ ಶಾಲೆಯಿಂದ 10,000ದಂತೆ ಆದಾಯ ಬರೆದಿದ್ದೆವು. ಸಿ ಕಾಲಂನಲ್ಲಿ ಸೆಪ್ಟೆಂಬರ್ 30 ಎಂದು ತಿದ್ದಿ, ಆ ಎರಡು ತಿಂಗಳ ಜರ್ನಲ್‌ಗಳಿಂದ ತಲಾ 10,000 ತೆಗೆದ ಮೇಲೆ ಎರಡೂ ಸಮನಾದವು. ಮರುಪಾವತಿ ಈಗ ಖರ್ಚಿನಲ್ಲಿ ಇಲ್ಲವೇ ಇಲ್ಲ. ನಾಲ್ಕು ತಿಂಗಳಲ್ಲಿ ದುಡಿದ 40,000 ಆದಾಯವಾಗಿ ಉಳಿಯಿತು, ದುಡಿಯದ 80,000 ಹೊಣೆಯಿಂದಲೇ ಹೊರಗೆ ಹೋಯಿತು.

ಇನ್ನೊಂದು ಸಣ್ಣ ತಪ್ಪನ್ನೂ ಶೀಟ್ ಮಾಡುವಾಗ ಹಿಡಿದೆವು. ಒಂದಿಬ್ಬರ ಬಿಲ್ಲಿನಲ್ಲಿ ಬೆರಳಚ್ಚು ಹಾಜರಿಯ ಯಂತ್ರವೂ ಸೇರಿತ್ತು. ಯಂತ್ರ ಜೂನ್‌ನಲ್ಲೇ ಶಾಲೆಗೆ ತಲುಪಿದೆ, ಅದರ ಆದಾಯ ಜೂನ್‌ನದ್ದೇ. ಅದನ್ನು ಹನ್ನೆರಡು ತಿಂಗಳಿಗೆ ಹಂಚುವುದೂ ಅಷ್ಟೇ ತಪ್ಪು. ಈಗ ಯಂತ್ರ ಮತ್ತು ಚಂದಾ ಬಿಲ್ಲಿನಲ್ಲಿ ಬೇರೆ ಬೇರೆ ಸಾಲು, ಬೇರೆ ಬೇರೆ ಖಾತೆ.

12 ಲಕ್ಷ ಲಾಭ ಎಲ್ಲಿ ಹೋಯಿತು

ಕಷ್ಟದ ಭಾಗ ಹಿಂದಿನ ವರ್ಷದ್ದು. 2022ರ ಜೂನ್‌ನ 48 ಲಕ್ಷದ ಬಿಲ್‌ಗಳಲ್ಲಿ 2023ರ ಏಪ್ರಿಲ್, ಮೇ ತಿಂಗಳ ಪಾಲು 8 ಲಕ್ಷ. ಅದೂ ಹಿಂದಿನ ವರ್ಷದ ಆದಾಯದಲ್ಲೇ ಸೇರಿಹೋಗಿತ್ತು, ಆ ವರ್ಷದ ಆಡಿಟ್‌ನಲ್ಲೂ ದಾಟಿಹೋಗಿತ್ತು. ಮುಚ್ಚಿದ ವರ್ಷದ ಪುಸ್ತಕವನ್ನು ಮತ್ತೆ ತೆರೆಯುವುದಿಲ್ಲ. ಎಎಸ್ 5 ಪ್ರಕಾರ ಹಿಂದಿನ ಅವಧಿಯ ತಪ್ಪನ್ನು ಈ ವರ್ಷದ ಲಾಭ ನಷ್ಟದಲ್ಲೇ, ಆದರೆ ಪ್ರತ್ಯೇಕವಾಗಿ ತೋರಿಸಬೇಕು. 2023ರ ಏಪ್ರಿಲ್ 1ರಂದು:

ಹಿಂದಿನ ಅವಧಿಯ ಹೊಂದಾಣಿಕೆ, ಡೆಬಿಟ್ 8,00,000
ಮುಂಗಡವಾಗಿ ಬಂದ ಆದಾಯ, ಕ್ರೆಡಿಟ್ 8,00,000

ಆಮೇಲೆ ಏಪ್ರಿಲ್‌ಗೆ 4 ಲಕ್ಷ, ಮೇಗೆ 4 ಲಕ್ಷ ಆದಾಯ. ಜೂನ್, ಜುಲೈಗೆ 5 ಲಕ್ಷ. ಕಾಲೇಜುಗಳು ಸೇರಿದ ಆಗಸ್ಟ್‌ನಿಂದ ಮಾರ್ಚ್‌ವರೆಗೆ 6 ಲಕ್ಷ. ಒಟ್ಟು 66 ಲಕ್ಷ. ಮಾರ್ಚ್ 31ಕ್ಕೆ ಹೊಣೆಯಲ್ಲಿ ಉಳಿದದ್ದು 14 ಲಕ್ಷ: ಶಾಲೆಗಳ ಎರಡು ತಿಂಗಳದ್ದು 10 ಲಕ್ಷ, ಕಾಲೇಜುಗಳ ನಾಲ್ಕು ತಿಂಗಳದ್ದು 4 ಲಕ್ಷ. ಎಂಟು ಇತ್ತು, ಎಪ್ಪತ್ತೆರಡು ಬಂತು, ಹದಿನಾಲ್ಕು ಉಳಿಯಿತು, ಅರವತ್ತಾರು ದುಡಿದದ್ದು. ಇಷ್ಟು ಹೊಂದಿದರೆ ವರ್ಷದ ಲೆಕ್ಕ ಸರಿ ಇದೆ ಎಂದು ಧೈರ್ಯವಾಗಿ ಹೇಳಬಹುದು.

ಹಳೆಯ ಪದ್ಧತಿಯಲ್ಲಿ ವರ್ಷದ ಲಾಭ 12 ಲಕ್ಷ ಎಂದು ಬರುತ್ತಿತ್ತು. ಹೊಸದರಲ್ಲಿ ವರ್ಷದ ವ್ಯವಹಾರದ ಲಾಭ 6 ಲಕ್ಷ, ಹಿಂದಿನ ಅವಧಿಯ 8 ಲಕ್ಷ ಕಳೆದರೆ 2 ಲಕ್ಷ ನಷ್ಟ. ಕರಡು ಪಟ್ಟಿ ನೋಡಿದ ಮಾಲೀಕರು ಅದನ್ನು ಮೇಜಿನ ಮೇಲಿಟ್ಟು ತುಂಬ ಹೊತ್ತು ಮಾತಾಡಲಿಲ್ಲ. ಬ್ಯಾಂಕಿಗೆ ಏನು ತೋರಿಸಲಿ ಎಂದರು. ಒಂದೇ ವರ್ಷದಲ್ಲಿ ಎರಡು ವರ್ಷದ ತಿದ್ದುಪಡಿ ಬಂದು ಕೂತಿದೆ, ಆ 8 ಲಕ್ಷದ ಸಾಲನ್ನು ಬೆರಳಿಟ್ಟು ತೋರಿಸಿ, ಮುಂದಿನ ವರ್ಷ ಅದು ಇರುವುದಿಲ್ಲ ಎಂದೆ. ಅದಕ್ಕಾಗಿಯೇ ಅದನ್ನು ಬೇರೆ ಸಾಲಿನಲ್ಲಿ ಬರೆಯುವುದು. ಈ 8 ಲಕ್ಷಕ್ಕೆ ಹಿಂದಿನ ವರ್ಷವೇ ತೆರಿಗೆ ಕಟ್ಟಿತ್ತು, ಎರಡನೇ ಸಲ ತೆರಿಗೆಗೆ ಸೇರಬಾರದೆಂದು ಸಿಎ ಆದಾಯ ತೆರಿಗೆಯ ಲೆಕ್ಕಪಟ್ಟಿಯಲ್ಲಿ ಬಿಡಿಸಿ ತೋರಿಸಿದರು.

ಆದಾಯ ತೆರಿಗೆಯಲ್ಲಿ ಇನ್ನೊಂದು ಗಂಟು ಇತ್ತು. ಕೆಲವು ಶಾಲೆಗಳ ಟ್ರಸ್ಟ್‌ಗಳು ಬಿಲ್ ಮೇಲೆ ಶೇ. 10 ಟಿಡಿಎಸ್ ಹಿಡಿದಿದ್ದವು, ಒಂದು ಬಿಲ್ಲಿಗೆ 12,000. ಅದು ಪೂರ್ತಿ ಆ ವರ್ಷದ 26ಎಎಸ್ ಎಂಬ ಇಲಾಖೆಯ ತೆರಿಗೆ ಪಟ್ಟಿಯಲ್ಲಿ ಕಾಣುತ್ತದೆ, ಆದರೆ ಆ ಬಿಲ್ಲಿನಿಂದ ನಾವು ಆದಾಯವೆಂದು ತೋರಿಸಿದ್ದು 1,20,000ದಲ್ಲಿ 1,00,000 ಮಾತ್ರ. ಆದಾಯ ಹಲವು ವರ್ಷಗಳಿಗೆ ಹಂಚಿಹೋದರೆ ಟಿಡಿಎಸ್ ಕ್ರೆಡಿಟ್ಟೂ ಅದೇ ಪ್ರಮಾಣದಲ್ಲಿ ಹಂಚಬೇಕೆಂದು ಆ ವರ್ಷಕ್ಕೆ ಅನ್ವಯಿಸುತ್ತಿದ್ದ ಆದಾಯ ತೆರಿಗೆ ನಿಯಮ 37ಬಿಎ ಹೇಳುತ್ತದೆ. ಹಾಗಾಗಿ ಈ ವರ್ಷ 10,000, ಉಳಿದ 2,000 ರಿಟರ್ನ್‌ನಲ್ಲಿ ಮುಂದಿನ ವರ್ಷಕ್ಕೆ ಒಯ್ಯಬೇಕು. ಪೂರ್ತಿ 12,000 ಈ ವರ್ಷವೇ ಕೇಳಿದರೆ, ಟಿಡಿಎಸ್ ಕೇಳಿದ್ದೀರಿ, ಆದಾಯ ಎಲ್ಲಿ ಎಂಬ ನೋಟಿಸ್‌ಗೆ ಬಾಗಿಲು ತೆರೆದಂತೆ. ಶೀಟ್‌ನಲ್ಲಿ ಟಿಡಿಎಸ್‌ಗೂ ಒಂದು ಕಾಲಂ ಸೇರಿಸಿದೆವು.

ಹತ್ತು ಸಾವಿರದ ಅಳತೆ

ತಿಂಗಳ ಪಟ್ಟಿ ಸರಿಯಾದ ಮೇಲೆ ಕಂಡದ್ದು ಇದು. ಏಪ್ರಿಲ್, ಮೇ ತಿಂಗಳಲ್ಲಿ ಕಂಪನಿ ತಿಂಗಳಿಗೆ 1 ಲಕ್ಷ ಕಳೆದುಕೊಳ್ಳುತ್ತಿತ್ತು. ಜೂನ್, ಜುಲೈನಲ್ಲಿ ಲಾಭವೂ ಇಲ್ಲ, ನಷ್ಟವೂ ಇಲ್ಲ. 55 ಲಕ್ಷ ಲಾಭ ಎಂದು ಬರೆದಿದ್ದ ಅದೇ ಜೂನ್! ಆಗಸ್ಟ್‌ನಿಂದ ತಿಂಗಳಿಗೆ 1 ಲಕ್ಷ ಲಾಭ. ಒಂದು ಶಾಲೆ ಎಂದರೆ ತಿಂಗಳಿಗೆ 10,000, ಖರ್ಚು 5 ಲಕ್ಷ. ಐವತ್ತು ಶಾಲೆಗಳು ಕಂಪನಿಯ ಖರ್ಚನ್ನು ಹೊರುತ್ತವೆ, ಐವತ್ತೊಂದನೆಯದರಿಂದ ಲಾಭ. ಎರಡು ವರ್ಷ ವ್ಯವಹಾರ ಮಾಡಿದವರಿಗೆ ಈ ಐವತ್ತು ಎಂಬ ಸಂಖ್ಯೆ ಗೊತ್ತೇ ಇರಲಿಲ್ಲ.

ಇಬ್ಬರು ಹುಡುಗರ ಸಂಬಳ 60,000 ಎಂದರೆ ಆರು ಶಾಲೆ. ಉಳಿಯುತ್ತಿದ್ದ 1 ಲಕ್ಷದಲ್ಲಿ 40,000 ಮಾತ್ರ ಮಿಗುತ್ತಿತ್ತು, ನಾಲ್ಕು ಶಾಲೆ ಬಿಟ್ಟುಹೋದರೆ ಅದೂ ಇಲ್ಲ. ನೇಮಕವನ್ನು 2024ರ ಜೂನ್‌ನ ನವೀಕರಣ ಮುಗಿಯುವವರೆಗೆ ಮುಂದೂಡಿದರು. ಆ ನಿರ್ಧಾರ ಅವರದೇ, ನಾನು ಪಟ್ಟಿ ಮಾತ್ರ ಕೊಟ್ಟಿದ್ದೆ.

ಈ ಲೆಕ್ಕ ಹೇಳದ ಒಂದು ಮಾತೂ ಇದೆ. ಹೊಣೆಯ ಖಾತೆಯಲ್ಲಿ 14 ಲಕ್ಷ ಇದೆ ಎಂದರೆ ಬ್ಯಾಂಕಿನಲ್ಲಿ 14 ಲಕ್ಷ ಇದೆ ಎಂದಲ್ಲ. ಅದು ಮಾಡಿಕೊಡಬೇಕಾದ ಕೆಲಸದ ಬಾಕಿ, ಹಣ ಕಾರಿಗೂ ಸಂಬಳಕ್ಕೂ ಹೋಗಿಯಾಗಿರಬಹುದು. ಅದಕ್ಕೇ ತಿಂಗಳ ಪಟ್ಟಿಯ ಕೆಳಗೆ ಎರಡು ಸಂಖ್ಯೆ ಅಕ್ಕಪಕ್ಕ ಬರೆಯುತ್ತೇವೆ: ಬ್ಯಾಂಕಿನಲ್ಲಿ ಇರುವುದು, ಇನ್ನೂ ದುಡಿಯಬೇಕಿರುವುದು. ಫೆಬ್ರವರಿಯಲ್ಲಿ ಮೊದಲನೆಯದು ಎರಡನೆಯದಕ್ಕಿಂತ ಕೆಳಗಿಳಿದಿತ್ತು. ಆ ತಿಂಗಳು ಮಾಲೀಕರು ತಮ್ಮ ಸಂಬಳ ತೆಗೆದುಕೊಳ್ಳಲಿಲ್ಲ.

2024ರ ಮೇ 31ರ ಸಂಜೆ ತಿಂಗಳ ಕೊನೆಯ ಜರ್ನಲ್ ಹಾಕಿದ ಮೇಲೆ ಶೀಟ್‌ನಲ್ಲಿ ಐವತ್ತು ಶಾಲೆಗಳ ಸಾಲು ಸೊನ್ನೆಗೆ ಬಂದವು. ಖಾತೆಯಲ್ಲಿ ಉಳಿದದ್ದು 2,00,000. ಹತ್ತು ಕಾಲೇಜು, ಎರಡು ತಿಂಗಳು. ಹುಡುಗಿ ಪೆನ್ಸಿಲ್‌ನಲ್ಲಿ ಪಕ್ಕಕ್ಕೆ ಒಂದು ಗೀಟು ಎಳೆದು, ಮರುದಿನದ ಬಿಲ್‌ಗಳಿಗೆ ಹೊಸ ಸಾಲು ಹಾಕಲು ಕೂತಳು.